ಸೋಮವಾರ ಆರ್ಡರ್, ಶನಿವಾರ ಹಣ್ಣು

ನೀರು ತುಂಬಿದ ಬಕೆಟ್. ಒಂದು ಕೈ ಹಸಿರು ಬಾದಾಮಿ ಕಾಯೊಂದನ್ನು ಮೆಲ್ಲಗೆ ಅದರೊಳಕ್ಕೆ ಬಿಡುತ್ತದೆ. ಕಾಯಿ ಸೀದಾ ತಳಕ್ಕೆ ಹೋಗಿ ಕೂರುತ್ತದೆ. ಇನ್ನೊಂದನ್ನು ಬಿಟ್ಟರೆ ಅದು ಮುಳುಗದೆ ತೇಲುತ್ತದೆ. "ನೋಡಿ, ಮುಳುಗಿದ್ದು ಬಲಿತ ಕಾಯಿ. ತೇಲಿದ್ದು ಇನ್ನೂ ಎಳಸು. ಇದನ್ನ ಹಣ್ಣಿಗೆ ಹಾಕಿದ್ರೆ ಸುಕ್ಕಾಗ್ತದೆ, ಸಿಹಿ ಬರಲ್ಲ" ಎನ್ನುತ್ತದೆ ಫೋನ್ ಹಿಡಿದವರ ದನಿ. ಹಿಂದೆ ಎಲ್ಲೋ ಟ್ರ್ಯಾಕ್ಟರ್ ಸದ್ದು. ಮೂವತ್ತೈದು ಸೆಕೆಂಡಿಗೆ ವಿಡಿಯೊ ಮುಗಿಯುತ್ತದೆ. ಕೆಳಗೆ ಒಂದು ವಾಟ್ಸ್ಆ್ಯಪ್ ನಂಬರು, ಜೊತೆಗೆ ಒಂದು ಸಾಲು: ಸೋಮವಾರ ಸಂಜೆಯೊಳಗೆ ಆರ್ಡರ್, ಶನಿವಾರ ಹಣ್ಣು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ರಾಮನಗರದ ಸುತ್ತಮುತ್ತಲ ಹಳ್ಳಿಗಳಿಂದ ಬೇಸಿಗೆಯಲ್ಲಿ ಇಂಥ ವಿಡಿಯೊಗಳು ಬೆಂಗಳೂರಿನವರ ಫೋನಿಗೆ ಬಂದು ಬೀಳುತ್ತಲೇ ಇರುತ್ತವೆ. ನೋಡುವವರಿಗೆ ಕಾಣುವುದು ತೋಟ, ಬಕೆಟ್, ಹಣ್ಣು. ಆದರೆ ಈ ವ್ಯಾಪಾರದ ಗುಟ್ಟು ಇರುವುದು ಆ ಕೊನೆಯ ಸಾಲಿನಲ್ಲಿ. ಸೋಮವಾರಕ್ಕೂ ಶನಿವಾರಕ್ಕೂ ನಡುವೆ ಏನು ನಡೆಯುತ್ತದೆ ಎನ್ನುವುದರ ಮೇಲೆ ರೈತನ ಲಾಭ ನಷ್ಟ ಎರಡೂ ನಿಂತಿವೆ.

ರೈತರ ವಿಡಿಯೊ ಎಂದರೆ ಹಲವರಿಗೆ ನೆನಪಾಗುವುದು 2020ರ ಲಾಕ್‌ಡೌನ್. ಆ ಏಪ್ರಿಲ್‌ನಲ್ಲಿ ಹಿರಿಯೂರು ತಾಲ್ಲೂಕಿನ ಈರುಳ್ಳಿ ಬೆಳೆಗಾರ್ತಿಯೊಬ್ಬರು ರಾಶಿಯ ಮುಂದೆ ನಿಂತು ತಮ್ಮ ಕಷ್ಟ ಹೇಳಿಕೊಂಡ ವಿಡಿಯೊ ಎಲ್ಲೆಡೆ ಹರಿದಾಡಿತು. ಆಗ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ ಅವರೇ ಫೋನ್ ಮಾಡಿ ಮಾತನಾಡಿದರು. ಗಡಿಯಾಚೆ ತಾಳವಾಡಿಯ ಎಲೆಕೋಸು ಬೆಳೆಗಾರರೊಬ್ಬರು ಹಾಕಿದ ವಿಡಿಯೊ ನೋಡಿ ಬೆಂಗಳೂರಿನಿಂದ ಕೊಳ್ಳುವವರು ಮುಂದೆ ಬಂದರು. ಅದೇ ವರ್ಷ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ಕಷ್ಟ ಹೇಳಿಕೊಂಡ ವಿಡಿಯೊ ಒಂದು ಸಲ ಮಾಲು ಖಾಲಿ ಮಾಡಿಕೊಟ್ಟಿತು, ನಿಜ. ಮರುವರ್ಷ ಅದೇ ವಿಡಿಯೊಗೆ ಯಾರೂ ಕರಗುವುದಿಲ್ಲ. ವರ್ಷವರ್ಷವೂ ಅದೇ ಮನೆಗಳಿಗೆ ಹಣ್ಣು ಕೊಡುವುದಾದರೆ ಕೆಲಸವೇ ಬೇರೆ.

ಆ ಕೆಲಸ ಹೇಗಿರುತ್ತದೆಂದು ತಿಳಿಯಲು ಶ್ರೀನಿವಾಸಪುರದ ಕಡೆ ಎರಡು ಎಕರೆ ಬಾದಾಮಿ ತೋಟ ಇರುವ ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ಮೂವತ್ತಮೂರು ಅಡಿ ಅಂತರದಲ್ಲಿ ನೆಟ್ಟ ಹಳೆಯ ತೋಟವಾದರೆ ಎಕರೆಗೆ ನಲವತ್ತರ ಆಸುಪಾಸು ಮರ. ಒಟ್ಟು ಎಂಬತ್ತು. ಉತ್ತರ ಕರ್ನಾಟಕದವರು ಆಪೂಸ್ ಎನ್ನುವ ಹಣ್ಣನ್ನೇ ಈ ಕಡೆ ಬಾದಾಮಿ ಎನ್ನುತ್ತಾರೆ. ಒಂದು ವರ್ಷ ಹೊರಲಾರದಷ್ಟು ಬಿಟ್ಟು, ಮರುವರ್ಷ ಮುನಿಸಿಕೊಂಡಂತೆ ಬರಿದಾಗಿ ನಿಲ್ಲುವ ಜಾತಿ ಇದು. ಹಾಗಾಗಿ ಇಷ್ಟು ಟನ್ ಸಿಗುತ್ತದೆ ಎಂದು ಮೊದಲೇ ಯಾರಿಗೂ ಮಾತು ಕೊಡುವಂತಿಲ್ಲ.

ಪೇಟೆಯಲ್ಲಿ ಹಣ್ಣು ಕೊಳ್ಳುವವರು ಗಮನಿಸದ ಸಂಗತಿಯೊಂದಿದೆ: ಬಾದಾಮಿ ಮರದಲ್ಲಿ ಹಣ್ಣಾಗುವವರೆಗೆ ಕಾಯುವುದಿಲ್ಲ. ಬಲಿತ ಕಾಯನ್ನು ಕಿತ್ತು, ಹುಲ್ಲಿನಲ್ಲಿ ಅಡೆ ಹಾಕಿ ಹಣ್ಣು ಮಾಡುತ್ತಾರೆ. ಬಲಿತಿದೆಯೋ ಇಲ್ಲವೋ ಎಂದು ತಿಳಿಯಲು ಬಕೆಟ್ ಒಂದೇ ಸಾಲದು. ತೊಟ್ಟಿನ ಎರಡೂ ಬದಿಯ ಭುಜ ತುಂಬಿ ತೊಟ್ಟಿಗಿಂತ ಮೇಲೆದ್ದಿರಬೇಕು, ಕಡುಹಸಿರು ತುಸು ತಿಳಿಯಾಗಿರಬೇಕು, ಮರದಡಿ ಒಂದೆರಡು ಹಣ್ಣು ತಾವಾಗಿ ಉದುರಿರಬೇಕು. ಬಲೆ ಕಟ್ಟಿದ ಕೊಕ್ಕೆಯಿಂದ ತೊಟ್ಟು ಸಮೇತ ಕೀಳಬೇಕು. ತೊಟ್ಟು ಬುಡದಲ್ಲೇ ಮುರಿದರೆ ಸೊನೆ ಚಿಮ್ಮಿ ಸಿಪ್ಪೆಯ ಮೇಲೆ ಇಳಿಯುತ್ತದೆ. ಆ ಗೆರೆ ಅಂದು ಕಾಣುವುದಿಲ್ಲ, ನಾಲ್ಕು ದಿನ ಬಿಟ್ಟು ಸುಟ್ಟ ಕಲೆಯಾಗಿ ಕರಿಯುತ್ತದೆ. ಅದಕ್ಕೇ ಕಿತ್ತ ಮೇಲೆ ತೊಟ್ಟು ಚಿವುಟಿ, ಕಾಯನ್ನು ಬೋರಲು ಹಾಕಿ ಸೊನೆ ಇಳಿಸಿ, ತೊಳೆದು ಒರೆಸುತ್ತಾರೆ. ಮಂಡಿಗೆ ಹೋಗುವ ಲೋಡಿಗೆ ಇಷ್ಟೆಲ್ಲ ಆರೈಕೆ ಸಿಗುವುದು ಕಡಿಮೆ. ಮನೆಗೆ ಹೋಗುವ ಪೆಟ್ಟಿಗೆಗೆ ಇದಿಲ್ಲದೆ ಆಗದು, ಏಕೆಂದರೆ ಅಲ್ಲಿ ಒಂದೊಂದು ಹಣ್ಣನ್ನೂ ಕೈಯಲ್ಲಿ ತಿರುಗಿಸಿ ನೋಡುತ್ತಾರೆ.

ಅಡೆ ಹಾಕಿದ ಬಾದಾಮಿ ತಿನ್ನುವ ಹದಕ್ಕೆ ಬರಲು ಸುಮಾರು ಒಂದು ವಾರ ಬೇಕು. ವಿಡಿಯೊದ ಆ ಕೊನೆಯ ಸಾಲು ಹುಟ್ಟಿದ್ದು ಈ ಒಂದು ವಾರದಿಂದ. ಸೋಮವಾರ ಸಂಜೆ ಆರ್ಡರ್ ಮುಚ್ಚುತ್ತದೆ. ಎಷ್ಟು ಪೆಟ್ಟಿಗೆ ಎಂದು ಲೆಕ್ಕ ಸಿಕ್ಕ ಮೇಲೆ ಮಂಗಳವಾರ ಬೆಳಗಿನ ತಂಪಿನಲ್ಲಿ ಕೊಯ್ಲು. ನಾಲ್ಕು ದಿನ ಹುಲ್ಲಿನಲ್ಲಿ. ಶನಿವಾರಕ್ಕೆ ಕಾಯಿ ದೋರೆಯಾಗಿರುತ್ತದೆ: ಅಲ್ಲಲ್ಲಿ ಅರಿಸಿನ ಬಣ್ಣ, ಒತ್ತಿದರೆ ಇನ್ನೂ ಗಟ್ಟಿ, ಮೂಗಿಗೆ ಹಿಡಿದರೆ ಸಣ್ಣಗೆ ವಾಸನೆ. ದಾರಿಯ ಕುಲುಕಾಟ ತಡೆಯುವುದು ಈ ಹದ ಮಾತ್ರ. ಮನೆ ಸೇರಿದ ಮೇಲೆ ಮಂಗಳವಾರ ಬುಧವಾರದ ಹೊತ್ತಿಗೆ ತಿನ್ನಬಹುದು. ಪೂರ್ತಿ ಹಣ್ಣಾದದ್ದನ್ನು ಕಳಿಸಿದರೆ ಪೆಟ್ಟಿಗೆಯ ತಳದ ಸಾಲು ರಸವಾಗಿರುತ್ತದೆ. ಹೊಸದಾಗಿ ಶುರು ಮಾಡಿದವರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಮೊದಲು ಕೊಯ್ದು, ಆಮೇಲೆ ವಿಡಿಯೊ ಹಾಕಿ, ಕೊಳ್ಳುವವರಿಗಾಗಿ ಕಾಯುತ್ತಾರೆ. ಹಣ್ಣು ಅಲ್ಲಿಯವರೆಗೆ ಕಾಯುವುದಿಲ್ಲ.

ಆರ್ಡರ್ ಬರುವ ಬಗೆಯಲ್ಲೂ ಒಂದು ಸೂಕ್ಷ್ಮವಿದೆ. ರೀಲ್ಸ್ ಹತ್ತು ಸಾವಿರ ಜನ ನೋಡಿದರು ಅಂದುಕೊಳ್ಳಿ. ಅದರಲ್ಲಿ ದಾವಣಗೆರೆಯವರಿರುತ್ತಾರೆ, ದುಬೈಯವರಿರುತ್ತಾರೆ, ಹಾರ್ಟ್ ಒತ್ತಿ ಮುಂದೆ ಹೋಗುವವರೇ ಹೆಚ್ಚು. ಶನಿವಾರ ಗಾಡಿ ಹೋಗುವ ದಾರಿಯಲ್ಲಿರುವ ನೂರು ಮನೆ ಸಿಕ್ಕರೆ ಸಾಕು. ಆ ನೂರು ಮನೆ ಕೂಡಿಬರುವುದು ವಾಟ್ಸ್ಆ್ಯಪ್‌ನಲ್ಲಿ. ಅಂಗಡಿ ವ್ಯಾಪಾರಕ್ಕೆಂದೇ ಇರುವ ವಾಟ್ಸ್ಆ್ಯಪ್ ಬಿಸಿನೆಸ್ 2018ರಿಂದ ನಮ್ಮಲ್ಲಿ ಸಿಗುತ್ತಿದೆ; ದುಡ್ಡು ಕೊಡಬೇಕಿಲ್ಲ. ಹಣ್ಣಿನ ಫೋಟೊ, ತೂಕ, ಬೆಲೆ ಒಂದೆಡೆ ಜೋಡಿಸಿಡಬಹುದು. ಪ್ರತಿಯೊಬ್ಬರ ಹೆಸರಿಗೂ ಬಣ್ಣದ ಪಟ್ಟಿ ಅಂಟಿಸಿ 'ದುಡ್ಡು ಬಂದಿದೆ', 'ಬಾಕಿ', 'ಕೊಟ್ಟಾಯಿತು' ಎಂದು ಬೇರ್ಪಡಿಸಬಹುದು. ಇನ್ನು ಬ್ರಾಡ್‌ಕಾಸ್ಟ್ ಪಟ್ಟಿ. ಒಂದು ಪಟ್ಟಿಗೆ 256 ಜನ; ಒಂದೇ ಸಲ ಬರೆದರೆ ಎಲ್ಲರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಆದರೆ ರೈತನ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಇದು ಗೊತ್ತಿಲ್ಲದೆ 'ಇನ್ನೂರು ಜನಕ್ಕೆ ಕಳಿಸಿದೆ, ಹತ್ತು ಜನವೂ ಉತ್ತರ ಕೊಡಲಿಲ್ಲ' ಎಂದು ಬೇಸರಪಡುವವರು ಎಷ್ಟೋ ಮಂದಿ. ತಿಳಿದವರು ಮೊದಲ ಪೆಟ್ಟಿಗೆಯ ಮೇಲೇ ಒಂದು ಚೀಟಿ ಅಂಟಿಸುತ್ತಾರೆ: ಮುಂದಿನ ಕೊಯ್ಲಿನ ಸುದ್ದಿ ಬೇಕಿದ್ದರೆ ಈ ನಂಬರನ್ನು ಸೇವ್ ಮಾಡಿಕೊಳ್ಳಿ.

ಈಗ ದುಡ್ಡಿನ ಮಾತು. ಬೆಲೆ ದಿನದಿನಕ್ಕೂ ಬದಲಾಗುವುದರಿಂದ ಲೆಕ್ಕಕ್ಕೆಂದು ಸುಲಭದ ಅಂಕಿಗಳನ್ನು ಇಟ್ಟುಕೊಳ್ಳೋಣ. ಮಂಡಿಯಲ್ಲಿ ಕೆ.ಜಿ.ಗೆ 40 ರೂಪಾಯಿ. ನೇರ ಮಾರಾಟದಲ್ಲಿ ಮೂರು ಕೆ.ಜಿ. ಪೆಟ್ಟಿಗೆಗೆ 360, ಅಂದರೆ ಕೆ.ಜಿ.ಗೆ 120. ಮೂರು ಪಟ್ಟು! ಈ ವ್ಯಾಪಾರದ ಬಗ್ಗೆ ಕೇಳಿಬರುವ ಮಾತೆಲ್ಲ ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುತ್ತದೆ. ನಿಜವಾದ ಲೆಕ್ಕ ಇಲ್ಲಿಂದ ಮುಂದೆ.

ನೂರು ಪೆಟ್ಟಿಗೆ ತುಂಬಲು 300 ಕೆ.ಜಿ. ಒಳ್ಳೆಯ ಹಣ್ಣು ಬೇಕು. ಅದಕ್ಕೆ 400 ಕೆ.ಜಿ. ಕಾಯಿ ಕೀಳಬೇಕು. ಅಡೆಯಲ್ಲಿ ತೂಕ ಇಳಿಯುತ್ತದೆ, ಕಲೆ ಬಿದ್ದದ್ದು, ಸಣ್ಣದು, ಪೆಟ್ಟಾದದ್ದು ಆರಿಸಿ ತೆಗೆಯಬೇಕಾಗುತ್ತದೆ. ನೂರು ಪೆಟ್ಟಿಗೆಗೆ ಬರುವುದು 36,000 ರೂಪಾಯಿ. ರಟ್ಟಿನ ಪೆಟ್ಟಿಗೆಗೆ 3,000, ಕೊಯ್ದು ಆರಿಸಿ ತುಂಬುವ ಕೂಲಿ 4,000, ಬೆಂಗಳೂರಿಗೆ ಹೋಗಿಬರುವ ಗಾಡಿಗೆ 5,000, ಕೆಟ್ಟಿತೆಂದು ಬದಲಿ ಕೊಡಬೇಕಾದ ಐದು ಪೆಟ್ಟಿಗೆಗೆ 1,800. ಎಲ್ಲ ಕಳೆದು ಕೈಗೆ ಉಳಿಯುವುದು 22,200. ಅದೇ 400 ಕೆ.ಜಿ. ಮಂಡಿಗೆ ಹೋದರೆ 16,000. ಕೊಯ್ಲು ಕೂಲಿ, ಬಾಡಿಗೆ, ಕಮಿಷನ್, ಹಮಾಲಿ ಎಂದು 3,500 ಕಳೆದರೆ 12,500. ಒಂದು ಶನಿವಾರಕ್ಕೆ 9,700 ರೂಪಾಯಿ ಹೆಚ್ಚು. ಸಣ್ಣ ಮೊತ್ತವೇನಲ್ಲ, ಆದರೆ ಮೂರು ಪಟ್ಟೂ ಅಲ್ಲ.

ಅದೇ ವಾರ ನಲವತ್ತು ಪೆಟ್ಟಿಗೆಗೆ ಮಾತ್ರ ಆರ್ಡರ್ ಬಂದರೆ? ಬರುವುದು 14,400. ಪೆಟ್ಟಿಗೆ 1,200, ಕೂಲಿ 2,500, ಬದಲಿ 720. ಗಾಡಿ ಮಾತ್ರ ಅದೇ 5,000, ಏಕೆಂದರೆ ಅರ್ಧ ಖಾಲಿ ಗಾಡಿಗೆ ಅರ್ಧ ಬಾಡಿಗೆ ಇಲ್ಲ. ಉಳಿಯುವುದು 4,980. ಅಷ್ಟೇ ಕಾಯಿ, ಅಂದರೆ 160 ಕೆ.ಜಿ.ಯನ್ನು ಮಂಡಿಗೆ ಹಾಕಿದ್ದರೆ 5,000 ಸಿಗುತ್ತಿತ್ತು. ವಾರವಿಡೀ ಫೋನ್ ಉಜ್ಜಿ, ಶನಿವಾರ ಹಗಲೆಲ್ಲ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಳೆದು, ಕೊನೆಗೆ ಇಪ್ಪತ್ತು ರೂಪಾಯಿ ಕಡಿಮೆ.

ಆದ್ದರಿಂದ ಅನುಭವಿಗಳು ಮನೆಮನೆಗೆ ಹೋಗುವುದನ್ನು ಬಿಟ್ಟಿದ್ದಾರೆ. ಒಂದು ಅಪಾರ್ಟ್‌ಮೆಂಟಿನಿಂದ ಇಪ್ಪತ್ತು ಪೆಟ್ಟಿಗೆಯಾದರೆ ಮಾತ್ರ ಗಾಡಿ ಒಳಗೆ ತಿರುಗುತ್ತದೆ. ಅಲ್ಲಿ ವಾಸಿಸುವ ಯಾರೋ ಒಬ್ಬರು, ಬಹುಮಟ್ಟಿಗೆ ಹೋದ ವರ್ಷ ಹಣ್ಣು ತಿಂದು ಮೆಚ್ಚಿದ ಗೃಹಿಣಿ, ತಮ್ಮ ಗ್ರೂಪಿನಲ್ಲಿ ಹೆಸರು ಬರೆಸಿ ಪಟ್ಟಿ ಕಳಿಸುತ್ತಾರೆ. ಅವರಿಗೊಂದು ಪೆಟ್ಟಿಗೆ ರೈತನ ಲೆಕ್ಕದಲ್ಲಿ. ಐದು ಕಡೆ ನಿಲ್ಲಿಸಿದರೆ ನೂರು ಪೆಟ್ಟಿಗೆ ಇಳಿಯುತ್ತದೆ, ಮಧ್ಯಾಹ್ನದೊಳಗೆ ವಾಪಸು. ಬೆಂಗಳೂರು ಬಿಟ್ಟು ಬೇರೆ ಊರಿನಿಂದ ಬಿಡಿ ಆರ್ಡರ್ ಬಂದರೆ ಬಸ್ ಪಾರ್ಸೆಲ್ ಇದೆ. ಕೆಎಸ್‌ಆರ್‌ಟಿಸಿ 2021ರಲ್ಲಿ 'ನಮ್ಮ ಕಾರ್ಗೊ' ಶುರು ಮಾಡಿತು. ಅಂಚೆಯ ದಾರಿಯೂ ಇದೆ. ರಾಜ್ಯದ ಮಾವು ಅಭಿವೃದ್ಧಿ ನಿಗಮ ಮತ್ತು ಅಂಚೆ ಇಲಾಖೆ ಸೇರಿ 2019ರಿಂದ, ನಿಗಮದ ತಾಣದಲ್ಲಿ ಬುಕ್ ಮಾಡಿದ ರೈತರ ಹಣ್ಣನ್ನು ಬೆಂಗಳೂರಿನ ಮನೆಗಳಿಗೆ ಪೋಸ್ಟ್‌ಮನ್ ಕೈಲಿ ತಲುಪಿಸುವ ವ್ಯವಸ್ಥೆ ಮಾಡಿದವು. ಮನೆ ಹುಡುಕುವುದರಲ್ಲಿ ಪೋಸ್ಟ್‌ಮನ್‌ಗಿಂತ ಬಲ್ಲವರು ಯಾರು?

ಹಣ್ಣು ಮನೆ ಸೇರಿದ ಕೂಡಲೇ ಎರಡನೇ ಸುತ್ತಿನ ಮೆಸೇಜು ಶುರು.

"ಅಣ್ಣಾ, ಹಣ್ಣು ಕಲ್ಲಿನ ಹಾಗಿದೆ."

"ಇನ್ನೆರಡು ದಿನ ಬಿಡಿ ಮೇಡಂ. ಪೆಟ್ಟಿಗೆಯಿಂದ ತೆಗೆದು ಪೇಪರ್ ಮೇಲೆ ಹರಡಿ. ಫ್ರಿಜ್ಜಿಗೆ ಮಾತ್ರ ಇಡಬೇಡಿ."

ಇದೇ ಉತ್ತರವನ್ನು ನೂರು ಸಲ ಕೊಡಬೇಕು. ಗಟ್ಟಿ ಕಾಯನ್ನು ಫ್ರಿಜ್ಜಿಗಿಟ್ಟರೆ ತಣ್ಣಗಿನ ಏಟಿಗೆ ಮಾಗುವುದೇ ನಿಂತು, ಸಿಪ್ಪೆ ಬೂದುಬಣ್ಣಕ್ಕೆ ತಿರುಗುತ್ತದೆ. ಹೊರಗೆ ತೆಗೆದರೂ ಮತ್ತೆ ಸರಿಯಾಗಿ ಹಣ್ಣಾಗುವುದಿಲ್ಲ. ತಪ್ಪು ರೈತನ ತಲೆಗೆ. 'ಅರ್ಧ ಹಸಿರೇ ಇದೆ, ಮೋಸ' ಎಂಬ ದೂರು ಮತ್ತೊಂದು. ಮಾವಿಗೆ ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದನ್ನು ದೇಶದ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಆದರೆ ಕಾರ್ಬೈಡಿನ ಸಮನಾದ ಹಳದಿ ನೋಡಿನೋಡಿ ಪೇಟೆಯ ಕಣ್ಣು ಅದಕ್ಕೇ ಒಗ್ಗಿಹೋಗಿದೆ. ಹುಲ್ಲಿನಲ್ಲಿ ಹಣ್ಣಾದ ಬಾದಾಮಿಯ ಭುಜದಲ್ಲಿ ಹಸಿರು ಉಳಿದಿರಬಹುದು, ಒಳಗೆ ಕೇಸರಿ ಇರುತ್ತದೆ. ಕಾರ್ಬೈಡಿನದು ಹೊರಗೆ ಹಳದಿ, ಕೊಯ್ದರೆ ಒಳಗೆ ಪೇಲವ, ಹುಳಿ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಕೊಯ್ದು ತೋರಿಸಿದ ಇಪ್ಪತ್ತು ಸೆಕೆಂಡಿನ ವಿಡಿಯೊ ನೂರು ಉತ್ತರ ಬರೆಯುವ ಕೆಲಸ ತಪ್ಪಿಸುತ್ತದೆ. ಈ ವ್ಯಾಪಾರದಲ್ಲಿ ವಿಡಿಯೊದ ದೊಡ್ಡ ಉಪಯೋಗ ಇದೇ ಇರಬೇಕು. ಹೊಸ ಗಿರಾಕಿಯನ್ನು ಎಳೆಯುವುದಕ್ಕಿಂತ ಇದ್ದ ಗಿರಾಕಿಗೆ ಹಣ್ಣು ನೋಡುವುದನ್ನು ಕಲಿಸುವುದು. ಆಲಿಕಲ್ಲು ಬಿದ್ದ ವಾರ ಹಣ್ಣಿನ ಮೇಲಿನ ಚುಕ್ಕೆಯನ್ನು ಆರ್ಡರಿಗೆ ಮುಂಚೆಯೇ ತೋರಿಸಿ, ಇಪ್ಪತ್ತು ರೂಪಾಯಿ ಇಳಿಸಿದವರಿಗೆ ದೂರು ಬರುವುದಿಲ್ಲ. ಪೆಟ್ಟಿಗೆ ತೆರೆದಾಗ ಮೊದಲ ಸಲ ಕಂಡರೆ ಅದೇ ಚುಕ್ಕೆ ಜಗಳವಾಗುತ್ತದೆ.

ತೋರಿಸಲಾಗದ ದೋಷವೂ ಒಂದಿದೆ. ಹೊರಗಿನಿಂದ ಚಿನ್ನದಂಥ ಬಾದಾಮಿ. ಕೊಯ್ದರೆ ಓಟೆಯ ಸುತ್ತ ಬೆಳ್ಳಗೆ, ಸ್ಪಂಜಿನಂತೆ, ಹುಳಿ. ವಿಜ್ಞಾನಿಗಳು ಸ್ಪಾಂಜಿ ಟಿಶ್ಯೂ ಎನ್ನುವ ಇದು ಬಾದಾಮಿ ಜಾತಿಗೇ ಹೆಚ್ಚಾಗಿ ಅಂಟಿದ ಶಾಪ. ಬಿಸಿಲಿಗೆ ಕಾದ ನೆಲದ ಝಳ, ತಡವಾದ ಕೊಯ್ಲು, ಹಣ್ಣಿನೊಳಗೇ ಬೀಜ ಮೊಳೆಯಲು ಹವಣಿಸುವುದು ಇವನ್ನೆಲ್ಲ ಕಾರಣವಾಗಿ ಹೇಳುತ್ತಾರೆ. ಮುಟ್ಟಿ ನೋಡಿ ಇದನ್ನು ಕಂಡುಹಿಡಿಯುವ ರೈತನಿಲ್ಲ. ಪೂರ್ತಿ ಬಲಿಯುವ ಮುನ್ನ, ಮುಕ್ಕಾಲು ಬಲಿತಾಗ ಕೀಳುವುದು, ನೆಲಕ್ಕೆ ಒಣ ಹುಲ್ಲು ಹೊದಿಸುವುದು ಒಂದಿಷ್ಟು ತಡೆಯುತ್ತವೆ. ಉಳಿದದ್ದಕ್ಕೆ ಒಂದೇ ದಾರಿ: ಕೊಯ್ದ ಹಣ್ಣಿನ ಫೋಟೊ ಕಳಿಸಿದರೆ ಮರುಮಾತಿಲ್ಲದೆ ಮುಂದಿನ ವಾರ ಬದಲಿ. ಮೇಲಿನ ಲೆಕ್ಕದಲ್ಲಿ ಐದು ಪೆಟ್ಟಿಗೆ ಬಿಟ್ಟಿದ್ದು ಇದಕ್ಕೇ.

ದುಡ್ಡು ಬರುವ ದಾರಿಯಲ್ಲೂ ಕಣ್ಣಿಟ್ಟಿರಬೇಕು. ಯುಪಿಐ ಕಟ್ಟಿದ ಸ್ಕ್ರೀನ್‌ಶಾಟ್ ಕಳಿಸಿದರೆ ಸಾಲದು, ಬ್ಯಾಂಕ್ ಖಾತೆಗೆ ಬಂದದ್ದು ಕಾಣಬೇಕು. ಹಳೆಯ ಸ್ಕ್ರೀನ್‌ಶಾಟ್ ತಿದ್ದುವುದು ಮಕ್ಕಳಾಟ. ಇನ್ನೊಂದು ಕಾಟ ಫೋನಿನಲ್ಲಿ ಬರುತ್ತದೆ. 'ಕ್ಯಾಂಪಿಗೆ ಐವತ್ತು ಪೆಟ್ಟಿಗೆ ಬೇಕು, ಅಡ್ವಾನ್ಸ್ ಕಳಿಸ್ತೇವೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎಂದು ಸೈನ್ಯದ ಹೆಸರು ಹೇಳಿಕೊಂಡು ಹಿಂದಿಯಲ್ಲಿ ಮಾತನಾಡುವ ದನಿ. ದುಡ್ಡು ಪಡೆಯುವುದಕ್ಕೆ ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿತೆಂದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ.

ಕೊಳ್ಳುವವರಿಗೂ ಮೋಸವಿದೆ. 'ರೈತನಿಂದ ನೇರ' ಎಂಬ ಹಣೆಪಟ್ಟಿಯ ಹಿಂದೆ ಮಂಡಿಯಿಂದ ಎತ್ತಿ ಮಾರುವ ವ್ಯಾಪಾರಿ ಇರಬಹುದು. ತೋಟದ ವಿಡಿಯೊ ಯಾರ ತೋಟದಲ್ಲಾದರೂ ತೆಗೆಯಬಹುದು. ಪತ್ತೆಗೆ ಋತುವೇ ಸಾಕ್ಷಿ. ರಾಮನಗರದ ಹಣ್ಣು ಏಪ್ರಿಲ್‌ನಲ್ಲಿ ಶುರುವಾದರೆ ಕೋಲಾರದ್ದು ಭರ್ತಿಯಾಗಿ ಬರುವುದು ಮೇ ಕೊನೆಯ ಮೇಲೆ. ಎರಡು ಎಕರೆಯವನ ಬಾದಾಮಿ ಮೂರ್ನಾಲ್ಕು ವಾರದಲ್ಲಿ ಮುಗಿದುಹೋಗುತ್ತದೆ. ಮಾರ್ಚಿಯಿಂದ ಆಗಸ್ಟ್‌ವರೆಗೆ ಬಾದಾಮಿ, ರಸಪೂರಿ, ಮಲಗೋವಾ, ಮಲ್ಲಿಕಾ ಎಲ್ಲವೂ 'ನಮ್ಮ ತೋಟದ್ದೇ' ಎನ್ನುವವರು ಅಂಗಡಿಯವರು. 'ಈ ವಾರ ಕೊಯ್ಲಿಲ್ಲ, ಮಳೆ' ಎಂದು ಮೆಸೇಜ್ ಮಾಡುವವರು ರೈತರು.

ಇಷ್ಟಾದರೂ ಈ ದಾರಿ ಎಲ್ಲ ಮಾವು ಬೆಳೆಗಾರರಿಗೆ ತೆರೆದಿಲ್ಲ. 2025ರ ಜೂನ್‌ನಲ್ಲಿ ಕೋಲಾರ ಭಾಗದ ತೋತಾಪುರಿ ಬೆಳೆಗಾರರು ಬೀದಿಗಿಳಿದದ್ದು ನೆನಪಿರಬಹುದು. ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರದಂತೆ ತಡೆದಿತ್ತು, ತಿರುಳು ತೆಗೆಯುವ ಕಾರ್ಖಾನೆಗಳು ಇರುವುದು ಹೆಚ್ಚಾಗಿ ಆ ಕಡೆಯೇ. ಬೆಲೆ ಕುಸಿದು, ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಗೊತ್ತುಮಾಡಿ, ಎರಡೂವರೆ ಲಕ್ಷ ಟನ್‌ವರೆಗೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಆಗ 'ನೀವೂ ರೀಲ್ಸ್ ಮಾಡಿ ನೇರ ಮಾರಬಾರದೇ' ಎಂದು ಕೇಳಿದವರಿದ್ದರು. ತೋತಾಪುರಿಯನ್ನು ಉಪ್ಪುಕಾರ ಹಚ್ಚಿ ಹೋಳು ತಿನ್ನುತ್ತಾರೆ, ಪೆಟ್ಟಿಗೆಗಟ್ಟಲೆ ಮನೆಗೆ ಯಾರೂ ತರಿಸುವುದಿಲ್ಲ. ಅದು ಲಾರಿ ಲೆಕ್ಕದಲ್ಲಿ ಕಾರ್ಖಾನೆಗೆ ಹೋಗುವ ಮಾಲು.

ಸಾಲ ಇನ್ನೊಂದು ಅಡ್ಡಿ. ಹೂ ಬಿಟ್ಟಾಗಲೇ ತೋಟವನ್ನು ಗುತ್ತಿಗೆಗೆ ಕೊಟ್ಟು ಮುಂಗಡ ಪಡೆದವರ ಪಾಲಿಗೆ ಮರದ ಮೇಲಿನ ಕಾಯಿ ಅವರದಲ್ಲ. ಮಗಳ ಕಾಲೇಜು ಫೀಸಿಗೆ ಜನವರಿಯಲ್ಲಿ ಕೈಗೆ ಬಂದ ದುಡ್ಡಿಗೂ ಮೇ ತಿಂಗಳ ಯುಪಿಐಗೂ ನಡುವೆ ನಾಲ್ಕು ತಿಂಗಳ ದೂರ. ಮಂಡಿಯವನು ಸಣ್ಣದು, ದಪ್ಪದು, ಕಲೆಯದು ಎಲ್ಲವನ್ನೂ ಒಂದೇ ದಿನ ಎತ್ತಿಕೊಳ್ಳುತ್ತಾನೆ ಎನ್ನುವುದೂ ನಿಜ. ಹಾಗಾಗಿ ಎಂಬತ್ತು ಮರದ ನಮ್ಮ ರೈತ ಮೂರು ಶನಿವಾರಕ್ಕೆ ಒಂದು ಟನ್ನಿನಷ್ಟು ಪೆಟ್ಟಿಗೆಯಲ್ಲಿ ಕೊಟ್ಟು, ಮಿಕ್ಕದ್ದನ್ನು ಮಂಡಿಗೇ ಹಾಕುತ್ತಾನೆ. ತನ್ನ ಬೆಳೆಯನ್ನು ತಾನೇ ಹಾಗೇ ಮಾರಿದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಆಹಾರ ಸುರಕ್ಷತಾ ಕಾಯ್ದೆಯೂ ರೈತನ ಬೆಳೆಗೆ ಅನ್ವಯಿಸುವುದಿಲ್ಲ. ಉಳಿದ ಹಣ್ಣಿನಿಂದ ಮಾವಿನ ಹಪ್ಪಳವನ್ನೋ ಉಪ್ಪಿನಕಾಯಿಯನ್ನೋ ಮಾಡಿ ಮಾರಲು ಹೊರಟರೆ ಮಾತ್ರ ನೋಂದಣಿ ಮಾಡಿಸಬೇಕು.

ಜೂನ್ ಕೊನೆಗೆ ಪಟ್ಟಿಗೆ ಕೊನೆಯ ಮೆಸೇಜ್ ಹೋಗುತ್ತದೆ: ಈ ವರ್ಷದ ಹಣ್ಣು ಮುಗಿಯಿತು. ಆಮೇಲೆ ಆರು ತಿಂಗಳು ಮಾತಿಲ್ಲ. ಫೋನಿನಲ್ಲಿ ಹೆಸರುಗಳ ಮುಂದೆ ಊರಿನ ಬದಲು ಗುರುತು ಉಳಿದಿರುತ್ತದೆ, 'ಜೆ.ಪಿ. ನಗರ ಟೀಚರ್, ಎರಡು ಪೆಟ್ಟಿಗೆ', 'ಯಲಹಂಕ ಅಜ್ಜ, ರಸಪೂರಿ ಕೇಳ್ತಾರೆ'. ಜನವರಿಯಲ್ಲಿ ಒಂದು ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದ ಹೂಗೊಂಚಲಿನ ಹತ್ತು ಸೆಕೆಂಡಿನ ವಿಡಿಯೊ. ಮಾತಿಲ್ಲ, ಬೆಲೆಯಿಲ್ಲ. ಹತ್ತು ನಿಮಿಷದಲ್ಲಿ ಯಲಹಂಕದಿಂದ ಉತ್ತರ: "ರಸಪೂರಿ ಮರ ಹೇಗಿದೆಯಪ್ಪಾ?"